3311: ಈ ಖಾತೆ ಬೇರೆಡೆ ತೆರೆದಿದೆ

ಗೇಮ್ ಕಂಪನಿಯ ಸಹಾಯ ವಿಭಾಗದಲ್ಲಿ ನನ್ನನ್ನು ಎಲ್ಲರೂ ಜೆಟ್ ಅಂತ ಕರೆಯುವುದು ಸುಮ್ಮನೆ ಅಲ್ಲ. ನನ್ನ ಕೈಗೆ ಬಂದ ಯಾವ ದೂರೂ ನಲವತ್ತು ಸೆಕೆಂಡಿಗಿಂತ ಹೆಚ್ಚು ಬದುಕಿದ್ದಿಲ್ಲ. ನಾನು ಕೀಲಿಮಣೆಯ ಮೇಲೆ ಬೆರಳಿಟ್ಟರೆ ಏಳು ಸಮುದ್ರದಾಚೆಯ ಸರ್ವರ್‌ಗಳು ಎದ್ದು ನಿಂತು ಕೈಮುಗಿಯುತ್ತವೆ. ಒಮ್ಮೆ ಸೀನುತ್ತಲೇ ಹನ್ನೊಂದು ದೂರು ಮುಗಿಸಿದ್ದೇನೆ. ಪಕ್ಕದ ಮೇಜಿನವರನ್ನು ಕೇಳಿ ನೋಡಿ. ಹೊಟ್ಟೆಕಿಚ್ಚಿಗೆ ಇಲ್ಲ ಅಂದಾರು, ನಂಬಬೇಡಿ.

ಗುಟ್ಟು ಇಷ್ಟೇ. ನಮ್ಮಲ್ಲಿ ಸಿದ್ಧ ಉತ್ತರಗಳಿರುತ್ತವೆ. ದೋಷದ ಸಂಖ್ಯೆ ನೋಡುವುದು, ಗುಂಡಿ ಒತ್ತುವುದು, 'ಪ್ರಿಯ ಆಟಗಾರರೇ' ಎಂದು ಶುರುವಾಗುವ ಪತ್ರ ತಾನಾಗಿಯೇ ಹೋಗಿ ಕೂರುವುದು. ದೂರನ್ನು ಪೂರ್ತಿ ಓದುವವರು ಹೊಸಬರು.

ಆ ದಿನ ಬೆಳಿಗ್ಗೆ ಹನ್ನೊಂದೂ ಕಾಲಿಗೆ ಬಂದ ದೂರು ಒಂದು ಮದುವೆಯ ಸಾಮಾನು ಪಟ್ಟಿಯಷ್ಟು ಉದ್ದವಿತ್ತು. ಬರೆದಾಕೆ ದಂತವೈದ್ಯರಿಗೆ ಕಟ್ಟುಹಲ್ಲು ಮಾಡಿಕೊಡುವ ಲ್ಯಾಬಿನವಳು. ಕೂದಲೆಳೆಯಷ್ಟು ಅಂತರವನ್ನೂ ಉಜ್ಜಿ ಸರಿಮಾಡುವ ಕೈ. ದೂರೂ ಹಾಗೇ ಇತ್ತು.

'ದೋಷ 3311: ಈ ಖಾತೆ ಬೇರೆಡೆ ತೆರೆದಿದೆ. ಈ ವಾರ ನನಗೆ ರಜೆ. ಹಗಲು ಹೊತ್ತು ಆಟ ತೆರೆದರೆ ಸಾಕು, ಇದು ಬರುತ್ತದೆ. ನಾನು ಈಗಾಗಲೇ ಮಾಡಿದ್ದು: ರೂಟರ್ ಆರಿಸಿ ಹಾಕಿದೆ. ಆಟವನ್ನು ತೆಗೆದು ಮತ್ತೆ ಹಾಕಿದೆ. ವೈಫೈ ಬಿಟ್ಟು ಕೇಬಲ್ ಹಾಕಿ ನೋಡಿದೆ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲೂ ಅದೇ ದೋಷ. ಪಾಸ್‌ವರ್ಡ್ ಎರಡು ಸಲ ಬದಲಿಸಿದೆ. ಹತ್ತು ನಿಮಿಷ ಸರಿಯಿದ್ದು ಮತ್ತೆ ಹಾಗೇ.' ಕೆಳಗೆ ನೆಟ್‌ವರ್ಕ್ ವಿವರ: ಪಿಂಗ್ ಇಪ್ಪತ್ತನಾಲ್ಕು, ಕಳೆದುಹೋದ ಪ್ಯಾಕೆಟ್ ಸೊನ್ನೆ, ಹೊರಗಿನ ಐಪಿ ವಿಳಾಸ ಇಂಥದ್ದು, ರೂಟರಿನ ಪುಟದಲ್ಲಿ ಕಾಣುವ ವಿಳಾಸವೂ ಅದೇ. ಕೊನೆಯಲ್ಲಿ ಒಂದು ಸಾಲು: 'ನನ್ನ ಊರಿನಲ್ಲಿ ನನ್ನ ಮನೆಗೆ ಒತ್ತಿಕೊಂಡು ಯಾರೋ ಇನ್ನೊಂದು ಮನೆ ಕಟ್ಟಿದ್ದಾರೆ. ಕಿಟಕಿ ನನ್ನ ಕಡೆಗಿದೆ.'

ಊರು ಅಂದರೆ ಆಟದೊಳಗಿನ ಊರು. ಕೆರೆದಂಡೆಯಲ್ಲಿ ಮನೆ ಕಟ್ಟಿಕೊಂಡು ಮೀನು ಸಾಕುವ ಸಾಧುಪ್ರಾಣಿಯಂಥ ಆಟ ಅದು.

ನಾನು ಎರಡೇ ಸಂಗತಿ ನೋಡಿದೆ. ಖಾತೆ ಎರಡು ಕಂಪ್ಯೂಟರಿನಲ್ಲಿ ತೆರೆದಿದೆ, ಎರಡೂ ಒಂದೇ ಹೊರವಿಳಾಸದಿಂದ. 'ಎಲ್ಲ ಸಾಧನಗಳಿಂದ ಹೊರಹಾಕು' ಗುಂಡಿ ಒತ್ತಿದೆ. 'ನಿಮ್ಮ ಮನೆಯವರೇ ಯಾರೋ ಆಡುತ್ತಿದ್ದಾರೆ, ವಿಚಾರಿಸಿ' ಎಂಬ ಸಿದ್ಧ ಉತ್ತರ ಕಳಿಸಿದೆ. ಮೂವತ್ತೊಂದು ಸೆಕೆಂಡು! ಕುರ್ಚಿಯಲ್ಲೇ ಒಂದು ಸುತ್ತು ತಿರುಗಿದೆ.

ಸುತ್ತು ಮುಗಿಯುವಷ್ಟರಲ್ಲಿ ಅವಳ ಮರುಪತ್ರ ಬಂತು. 'ನಾನು ಒಬ್ಬಳೇ ಇರುವುದು.'

ಆಗ ನಾನು, ಬದುಕಿನಲ್ಲಿ ಮೊದಲ ಸಲವೋ ಏನೋ, ಒಂದು ದೂರನ್ನು ಮೇಲಿನಿಂದ ಕೆಳಗೆ ಓದಿದೆ. ಕೆಲವು ಕಡೆ ಇಂಟರ್ನೆಟ್ ಕಂಪನಿಗಳು ಇಡೀ ಬಡಾವಣೆಗೆ ಒಂದೇ ಹೊರವಿಳಾಸ ಹಂಚುತ್ತವೆ; ಹಾಗಿದ್ದರೆ ಎರಡನೆಯ ಕಂಪ್ಯೂಟರ್ ನಾಲ್ಕು ಬೀದಿಯಾಚೆ ಇದ್ದರೂ ಇದ್ದೀತು. ಹಾಗೆ ಹಂಚಿದಲ್ಲಿ ರೂಟರಿನ ಪುಟದಲ್ಲಿ ಬೇರೆ ವಿಳಾಸ ಕಾಣುತ್ತದೆ. ಇವಳು ಬರೆದಿದ್ದಳಲ್ಲ, ಎರಡೂ ಒಂದೇ ಅಂತ. ಅಂದರೆ ಆ ಕಂಪ್ಯೂಟರ್ ಇವಳ ರೂಟರಿಗೇ ಅಂಟಿಕೊಂಡಿದೆ. ಗೋಡೆಯೊಳಗಿನ ಮಾತು.

ಕಂಪ್ಯೂಟರಿನ ಹೆಸರು ನಮ್ಮ ಪಟ್ಟಿಯಲ್ಲಿ ಕಾಣುತ್ತದೆ. ಕೇಳಿದೆ: 'ಕಪ್ಪುಗೂಬೆ ಅನ್ನುವ ಕಂಪ್ಯೂಟರ್ ನಿಮ್ಮದೇ?'

ಉತ್ತರ ಬರಲು ಆರು ನಿಮಿಷ ಹಿಡಿಯಿತು. 'ಅದು ನನ್ನ ಗಂಡನದು. ಅವನನ್ನು ಬಿಟ್ಟು ಬಂದು ಒಂದೂವರೆ ವರ್ಷ. ನಾನು ಎಲ್ಲಿದ್ದೇನೆ ಅಂತ ಅವನಿಗೆ ಗೊತ್ತಿಲ್ಲ.'

ನನ್ನ ಹಿಂದಿನ ಮೇಜು ನಮ್ಮ ತಂಡದ ಹಿರಿಯಳದು. ಮೊದಲು ಶಾಲೆಯಲ್ಲಿ ಪಾಠ ಹೇಳುತ್ತಿದ್ದವಳು. ಎಲ್ಲರೂ ಮೇಷ್ಟ್ರಮ್ಮ ಅನ್ನುತ್ತೇವೆ. ಪರದೆ ತಿರುಗಿಸಿ ತೋರಿಸಿದೆ.

"ಪಾಸ್‌ವರ್ಡ್ ಬದಲಿಸಿದ್ರೂ ಹೆಂಗೋ ಒಳಗೆ ಬರ್ತಾನೆ?" ಅಂದಳು.

"ಅವಳ ಬ್ರೌಸರ್ ಖಾತೆ ಅವನ ಕಂಪ್ಯೂಟರಲ್ಲಿ ಇನ್ನೂ ತೆರೆದೇ ಇರಬೇಕು. ಇಲ್ಲಿ ಹೊಸ ಪಾಸ್‌ವರ್ಡ್ ಉಳಿಸಿದ್ರೆ ಅಲ್ಲೂ ತಾನಾಗೇ ಬಂದು ಕೂರತ್ತೆ. ಮೇಲ್‌ಗೆ ಬರೋ ಕೋಡೂ ಓದ್ಕೊಳ್ತಾನೆ."

"ಅವಳಿರೋ ಊರು ಹೆಂಗೆ ಗೊತ್ತಾಯ್ತು?"

"ನಮ್ಮ ಖಾತೆ ಪುಟದಲ್ಲೇ ಇರತ್ತಲ್ಲ ಮೇಷ್ಟ್ರಮ್ಮ. ಎಲ್ಲೆಲ್ಲಿಂದ ಲಾಗಿನ್ ಆಗಿದೆ ಅಂತ. ದಿನಾಂಕದ ಸಮೇತ. ಬೀದಿ, ಮನೆ ನಂಬರು ಅವಳ ಮೇಲ್ ಓದಿದ್ರೆ ಸಿಗತ್ತೆ."

"ಭಲೇ ನಾವು. ಸರಿ, ನೀನೇನು ಮಾಡಿದೆ?"

"ಹೊರಹಾಕ್ದೆ."

"ಯಾವಾಗ?"

"ಆಗ್ಲೇ."

ಅವಳು ಕನ್ನಡಕ ತೆಗೆದಳು. "ಹೊರಹಾಕಿದ್ರೆ ಅವನ ಪರದೆ ಮೇಲೆ ಏನು ಬರತ್ತೆ? ಓದು, ಗಟ್ಟಿಯಾಗಿ ಓದು."

ಆ ಸಾಲು ನಮಗೆಲ್ಲ ಬಾಯಿಪಾಠ. "ಖಾತೆಯ ಒಡೆಯರ ದೂರಿನ ಮೇರೆಗೆ ನಿಮ್ಮನ್ನು ಹೊರಹಾಕಲಾಗಿದೆ."

"ಜಾಣ ಕಣಪ್ಪ. ಅವನಿಗೆ ಡಂಗೂರ ಹೊಡೆದು ಹೇಳಿದೀಯ."

ನಾನು ಅವಳ ಖಾತೆಯಲ್ಲಿದ್ದ ಫೋನ್ ನಂಬರು ಹುಡುಕಿ ತೆಗೆದೆ. ಗ್ರಾಹಕರಿಗೆ ಫೋನ್ ಮಾಡುವಂತಿಲ್ಲ ಎಂಬುದು ಕಂಪನಿಯ ಕಟ್ಟಳೆ. ಮೇಷ್ಟ್ರಮ್ಮ ತನ್ನ ಸ್ವಂತ ಮೊಬೈಲಿನಿಂದ ನಂಬರು ಒತ್ತಿ ಇಬ್ಬರಿಗೂ ಕೇಳುವಂತೆ ಮೇಜಿನ ಮೇಲಿಟ್ಟಳು.

"ಗೇಮ್ ಕಂಪನಿಯಿಂದಮ್ಮ. ನಿಮ್ಮ ದೂರಿನ ವಿಷಯ. ನಿಮ್ಮ ರೂಟರ್ ಎಲ್ಲಿದೆ?"

"ಮೆಟ್ಟಿಲ ಹತ್ರ, ಗೋಡೆ ಮೇಲೆ." ತೆಳುವಾದ ದನಿ. "ಓನರಮ್ಮ ಹಾಕ್ಸಿರೋದು. ಎರಡೂ ಮನೆಗೆ ಅದೊಂದೇ."

"ಎರಡು ಮನೆನಾ?"

"ನಾನು ಮೇಲೆ. ಕೆಳಗಡೆ ಹೋದ ತಿಂಗಳು ಯಾರೋ ಬಂದಿದಾರೆ. ಮುಖ ನೋಡಿಲ್ಲ. ಯಾವಾಗ್ಲೂ ಬಾಗಿಲು ಹಾಕಿರತ್ತೆ."

ಮೇಷ್ಟ್ರಮ್ಮ ನನ್ನ ಕಡೆ ನೋಡಿದಳು. ನಾನು ನನ್ನ ಬೂಟಿನ ಕಡೆ ನೋಡಿದೆ. ಆ ಕಡೆಯವಳು ಹಲ್ಲಿನ ಕೆಲಸದವಳು. ಎರಡು ತುಂಡನ್ನು ಕೂಡಿಸಿ ಸರಿಯಾಗಿ ಕೂರುತ್ತದೋ ಇಲ್ಲವೋ ನೋಡುವುದನ್ನು ನಾವು ಕಲಿಸಬೇಕೆ?

"ಅಯ್ಯೋ," ಅಂದಳು. ಆಮೇಲೆ ಪಿಸುಗುಟ್ಟಿದಳು: "ಕೆಳಗಡೆ ಚಿಲಕ ತೆಗೆದ್ರು."

"ಮೆಟ್ಟಿಲಿಳೀಬೇಡಮ್ಮ. ಬೇರೆ ದಾರಿ ಇದೆಯಾ?"

"ತಾರಸಿ. ಪಕ್ಕದ ಮನೆ ತಾರಸಿಗೂ ನಮ್ದಕ್ಕೂ ಸೊಂಟದುದ್ದ ಗೋಡೆ."

"ಚಪ್ಪಲಿ ಬಿಟ್ಟು ಹೋಗು. ಫೋನ್ ಇಡ್ಬೇಡ."

ಮುಂದಿನ ನಾಲ್ಕು ನಿಮಿಷ ನಮಗೆ ಕೇಳಿದ್ದು ಉಸಿರು, ಒಂದು ತಗಡಿನ ಬಾಗಿಲು, ಒಣಗಲು ಹಾಕಿದ ಬಟ್ಟೆಗೆ ಮುಖ ತಾಗಿದ ಸದ್ದು. ಎಲ್ಲೋ ದೂರದಲ್ಲಿ, ಕೆಳಗೆ, ಒಬ್ಬ ಗಂಡಸು ಬಾಗಿಲು ತಟ್ಟುತ್ತಿದ್ದ. ಅವಸರವೇ ಇಲ್ಲದ ತಟ್ಟು. ಮೂರು ಸಲ, ಬಿಡುವು, ಮತ್ತೆ ಮೂರು ಸಲ. ನಾನು ಇಷ್ಟು ಹೊತ್ತೂ ಉತ್ಪ್ರೇಕ್ಷೆ ಮಾಡಿದ್ದೇನೆ, ಒಪ್ಪಿಕೊಳ್ಳುತ್ತೇನೆ. ಆ ತಟ್ಟು ಮಾತ್ರ ಇದ್ದದ್ದು ಇದ್ದ ಹಾಗೆ.

ಪಕ್ಕದ ಮನೆಯ ಹೊಲಿಗೆಯವಳು ಅವಳನ್ನು ಒಳಗೆಳೆದುಕೊಂಡು ಪೊಲೀಸರನ್ನು ಕರೆದಳು. ಅವರು ಬಂದಾಗ ಕೆಳಮನೆ ಖಾಲಿ. ಒಂದು ಮೇಜು, ಒಂದು ಕುರ್ಚಿ, ಕಂಪ್ಯೂಟರ್ ಇದ್ದ ಜಾಗದಲ್ಲಿ ಧೂಳಿಲ್ಲದ ಒಂದು ಚೌಕ. ಮನೆ ಬಾಡಿಗೆಗೆ ತೆಗೆದುಕೊಳ್ಳುವುದು ಅಪರಾಧವಲ್ಲವಲ್ಲ ಅಂದರಂತೆ. ಇದೆಲ್ಲ ಅವಳು ಎರಡು ದಿನದ ಮೇಲೆ ಬರೆದದ್ದು, ಬೇರೆ ಊರಿನ ದೊಡ್ಡಮ್ಮನ ಮಗಳ ಮನೆಯಿಂದ, ಹೊಸ ಮೇಲ್‌ನಿಂದ. ಇನ್ನೂ ಒಂದು ಮಾತಿತ್ತು: 'ದಯವಿಟ್ಟು ಖಾತೆ ಮುಚ್ಚಬೇಡಿ. ಏಳು ವರ್ಷದ ಊರು. ಕೆರೆಯ ಪಕ್ಕದ ಹಸಿರು ಬಾಗಿಲಿನ ಮನೆ ಅಮ್ಮ ಪಕ್ಕದಲ್ಲಿ ಕೂತು ಕಟ್ಟಿಸಿದ್ದು. ಅವಳು ಈಗಿಲ್ಲ.'

ನಾವು ಖಾತೆಯನ್ನು ಹೊಸ ಮೇಲ್‌ಗೆ ಕಟ್ಟಿದೆವು. ನಾವು ಹೇಳುವವರೆಗೂ ಆಟ ತೆರೆಯಬೇಡಿ ಅಂತ ಮೇಷ್ಟ್ರಮ್ಮ ಬರೆದಳು. ಸರಿ ಎಂದು ಹಲ್ಲಿನ ಕೆಲಸದವಳ ಮರುಪತ್ರ ಬಂತು.

ಎಂಟನೆಯ ದಿನ ನನ್ನ ಪರದೆಗೆ ಒಂದು ಹೊಸ ದೂರು ಬಿತ್ತು. ಬಲು ಮರ್ಯಾದಸ್ಥ ಭಾಷೆ. 'ನನ್ನ ಖಾತೆಗೆ ನನಗೇ ಪ್ರವೇಶವಿಲ್ಲ. ರೂಟರ್ ಆರಿಸಿ ಹಾಕಿದೆ, ಆಟವನ್ನು ತೆಗೆದು ಮತ್ತೆ ಹಾಕಿದೆ. ಏಳು ವರ್ಷದ ಹಿಂದಿನ ಮೊದಲ ಖರೀದಿಯ ರಸೀದಿ ಲಗತ್ತಿಸಿದ್ದೇನೆ. ಈಗ ಯಾವ ವಿಳಾಸದಿಂದ ಖಾತೆ ತೆರೆಯಲಾಗುತ್ತಿದೆ ಎಂದು ತಿಳಿಸಿದರೆ ಉಪಕಾರವಾಗುತ್ತದೆ.'

ಕಪ್ಪುಗೂಬೆಯಿಂದಲೇ ಬರೆದಿದ್ದ. ಬಚ್ಚಿಟ್ಟುಕೊಳ್ಳುವ ಗೋಜಿಗೂ ಹೋಗಿರಲಿಲ್ಲ.

ನಮ್ಮ ಕಟ್ಟಳೆಯಲ್ಲಿ ಮೊದಲ ರಸೀದಿ ಯಾರದೋ ಖಾತೆ ಅವರದು. ಯಂತ್ರ ಆಗಲೇ ರಸೀದಿ ಪರೀಕ್ಷಿಸಿ 'ಪುರಾವೆ ಸರಿಯಿದೆ' ಎಂದು ಹಸಿರು ಗುರುತು ಹಾಕಿತ್ತು. ಆ ಗುರುತು ಬಿದ್ದ ಮೇಲೆ ಕೊಡುವುದಿಲ್ಲ ಅನ್ನುವಂತಿಲ್ಲ. ಇಪ್ಪತ್ತು ನಿಮಿಷದಲ್ಲಿ ನಾನು ಉತ್ತರಿಸದಿದ್ದರೆ ದೂರು ಇನ್ನೊಂದು ಕಚೇರಿಗೆ ಜಾರುತ್ತದೆ. ಅಲ್ಲೂ ಒಬ್ಬ ಜೆಟ್ ಇರುತ್ತಾನೆ, ಅವನೂ ಓದುವುದಿಲ್ಲ.

ಖಾತೆ ತೆರೆದು ನೋಡಿದೆ. ಲಾಗಿನ್ ಪಟ್ಟಿಯ ತುದಿಯಲ್ಲಿ ಹೊಸ ಊರಿನ ಹೆಸರು. ಪಕ್ಕದಲ್ಲಿ ಹಸಿರು ಚುಕ್ಕೆ. ತಡೆಯಲಾರದೆ ಆಟ ತೆರೆದಿದ್ದಾಳೆ. ಅವಳ ಊರಿನೊಳಗೆ ಇಣುಕಿದೆ. ಪುಟ್ಟ ಗೊಂಬೆಯಂಥ ಅವಳು ಅಮ್ಮನ ಹಸಿರು ಬಾಗಿಲ ಮುಂದೆ ಕೂತು ಮೀನಿಗೆ ಕಾಳು ಹಾಕುತ್ತಿದ್ದಳು.

"ಮೇಷ್ಟ್ರಮ್ಮ, ತಾತ್ಕಾಲಿಕ ತಡೆ ಹಾಕ್ಲಾ?"

"ತಡೆ ಹಾಕಿದ್ರೂ ಒಡೆಯನಿಗೆ ಲಾಗಿನ್ ಪಟ್ಟಿ ಕಾಣತ್ತೆ."

"ಶಾಶ್ವತವಾಗಿ ಮುಚ್ಚಿದ್ರೆ?"

"ಪುಟಾನೇ ಇರಲ್ಲ. ಇಬ್ಬರು ಒಂದೇ ಖಾತೆ ಬಳಸಿದಾರೆ ಅಂತ ನಿಯಮ ತೋರ್ಸಿ ಮುಚ್ಚಬಹುದು." ಪರದೆಯ ಮೇಲಿನ ಕೆರೆ ತೋರಿಸಿ, "ಊರೂ ಹೋಗತ್ತೆ ಕಣೋ. ವಾಪಸ್ ತರೋಕೆ ಬ್ರಹ್ಮನಿಂದಲೂ ಆಗಲ್ಲ," ಅಂದಳು.

"ಅವಳನ್ನ ಕೇಳೋಣ."

ಫೋನ್ ಮಾಡಿದೆವು. ಎತ್ತಲಿಲ್ಲ. ಮತ್ತೆ ಮಾಡಿದೆವು. ಆಡುವಾಗ ಫೋನ್ ಸದ್ದಿಲ್ಲದೆ ಇಡುವವಳಿರಬೇಕು. ಹದಿನಾರು ನಿಮಿಷವಾಗಿತ್ತು. ನಲವತ್ತು ಸೆಕೆಂಡಿನ ವೀರನಾದ ನಾನು ಹದಿನೆಂಟನೆಯ ನಿಮಿಷದವರೆಗೂ ಬೆರಳನ್ನು ಗುಂಡಿಯ ಮೇಲಿಟ್ಟುಕೊಂಡು ಆ ಗೊಂಬೆ ಕಾಳು ಹಾಕುವುದನ್ನೇ ನೋಡುತ್ತಿದ್ದೆ. ಆಮೇಲೆ ಒತ್ತಿದೆ.

ಕೆರೆ ಹೋಯಿತು. ಹಸಿರು ಬಾಗಿಲು ಹೋಯಿತು. ಅವಳ ಮನೆಗೆ ಒತ್ತಿಕೊಂಡು ಕಟ್ಟಿದ್ದ ಆ ಇನ್ನೊಂದು ಮನೆಯೂ ಹೋಯಿತು. ಬಿಳಿ ಪರದೆ ಉಳಿಯಿತು.

ಅವನಿಗೆ ಬರೆದೆ: 'ಖಾತೆಯನ್ನು ಶಾಶ್ವತವಾಗಿ ಮುಚ್ಚಲಾಗಿದೆ. ಯಾವ ಮಾಹಿತಿಯನ್ನೂ ಕೊಡಲಾಗದು.'

ಮರುಪತ್ರ ಒಂದೇ ನಿಮಿಷದಲ್ಲಿ ಬಂತು. 'ಧನ್ಯವಾದ. ಪರವಾಗಿಲ್ಲ. ಆಟ ಬಿಟ್ಟಿರಲು ಅವಳಿಗಾಗುವುದಿಲ್ಲ. ಹೊಸ ಖಾತೆ ತೆರೆಯುತ್ತಾಳೆ, ಕೆರೆಯ ಪಕ್ಕದಲ್ಲಿ ಹಸಿರು ಬಾಗಿಲಿನ ಮನೆ ಕಟ್ಟುತ್ತಾಳೆ. ನಾನು ಕೆರೆಗಳನ್ನು ಸುತ್ತುತ್ತಿರುತ್ತೇನೆ.'

ಮೇಷ್ಟ್ರಮ್ಮ ಅದನ್ನು ಎರಡು ಪ್ರತಿ ತೆಗೆದು, ಒಂದನ್ನು ಪೊಲೀಸರಿಗೆಂದು ಕವರಿಗೆ ಹಾಕಿದಳು. ಅಷ್ಟರಲ್ಲಿ ಅವಳ ದೂರೂ ಬಂದು ಬಿದ್ದಿತ್ತು: ದೋಷದ ಸಂಖ್ಯೆ, ರೂಟರ್ ಆರಿಸಿ ಹಾಕಿದ್ದು, ಕೇಬಲ್ ಬದಲಿಸಿದ್ದು, ಪಿಂಗ್, ವಿಳಾಸ, ಒಂದೂ ಬಿಡದೆ. ಕೊನೆಗೆ, 'ನನ್ನ ಊರು ಎಲ್ಲಿ?'

ನಾನು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು ಬರೆಯತೊಡಗಿದೆ. ಮೊದಲ ಸಾಲನ್ನೇ ನಾಲ್ಕು ಸಲ ಅಳಿಸಿದೆ. ಐದನೆಯ ಸಲ ಹೀಗೆ ಬರೆದೆ: ಅಕ್ಕ, ಇನ್ನು ಮುಂದೆ ಹಸಿರು ಬಾಗಿಲು ಇಡಬೇಡಿ.