ಕೋಲಿಲ್ಲದ ಅಲಸಂಡೆ

ಹೋದ ವರ್ಷ ಒಂದು ಪಾಯಿಂಟ್ ಒಂದು ಐದು ಇದ್ದದ್ದು ಈ ವರ್ಷ ಒಂದು ಪಾಯಿಂಟ್ ಐದು ಆರಕ್ಕೆ ಏರಿದೆ ಎಂದು ದೇವದಾಸ ಸರ್ ಫೋನಿನಲ್ಲಿ ಹೇಳಿದಾಗ, ನಾನು ಮಗುವನ್ನು ಎತ್ತಿಕೊಂಡು ಕುಂಬ್ರದ ನಮ್ಮ ಮನೆಯ ಜಗಲಿಯಲ್ಲೇ ಕುಣಿದುಬಿಟ್ಟೆ. ಉಮ್ಮ ಒಳಗಿನಿಂದ ಬಂದು, "ಎಂತ ಆಯ್ತು ನಿನಗೆ? ಮಗು ಹೆದರ್ತದೆ" ಎಂದು ಗದರಿದರು. ಆ ಅಂಕಿಯಲ್ಲಿ ನನ್ನ ಪಿಎಚ್‌ಡಿ ಇತ್ತು. ಉಮ್ಮನಿಗೆ ಅದನ್ನು ಹೇಗೆ ವಿವರಿಸುವುದು?

ವಿವರಿಸಲು ಕಷ್ಟವೇನಿಲ್ಲ, ಪೂವಕ್ಕನಿಗೆ ಒಮ್ಮೆ ಗದ್ದೆಯ ಬದುವಾದ ಹುಣಿಯ ಮೇಲೆ ಕೂತು ವಿವರಿಸಿದ್ದೆ. ಒಂದು ಎಕರೆಯಲ್ಲಿ ಸಿಹಿಜೋಳ ಮತ್ತು ಅಲಸಂಡೆಯನ್ನು ಸಾಲು ಬಿಟ್ಟು ಸಾಲು ಹಾಕುತ್ತೇವೆ. ಅಷ್ಟೇ ಜೋಳ ಬರಬೇಕಾದರೆ ಜೋಳವನ್ನು ಮಾತ್ರ ಎಷ್ಟು ಜಾಗದಲ್ಲಿ ಹಾಕಬೇಕಿತ್ತು? ಅಷ್ಟೇ ಅಲಸಂಡೆಗೆ ಅಲಸಂಡೆಯನ್ನು ಮಾತ್ರ ಎಷ್ಟು ಜಾಗದಲ್ಲಿ? ಜೋಳಕ್ಕೆ ಮುಕ್ಕಾಲು ಎಕರೆ, ಅಲಸಂಡೆಗೆ ನಲವತ್ತು ಸೆಂಟ್ಸ್, ಅಂದರೆ ಪಾಯಿಂಟ್ ನಾಲ್ಕು ಎಕರೆ. ಕೂಡಿಸಿದರೆ ಒಂದು ಪಾಯಿಂಟ್ ಒಂದು ಐದು. ಒಂದಕ್ಕಿಂತ ಹೆಚ್ಚಾದರೆ ಬೆರೆಸಿ ಬೆಳೆದದ್ದು ಜಾಗ ಉಳಿಸಿತು ಎಂದರ್ಥ. ಇದನ್ನೇ ನಾವು ಭೂ ಸಮಾನತಾ ಅನುಪಾತ ಎನ್ನುತ್ತೇವೆ, ಮಾತಿನಲ್ಲಿ ಎಲ್‌ಇಆರ್.

"ಅಷ್ಟೇಯಾ? ಅದಕ್ಕೆ ಇಷ್ಟು ದೊಡ್ಡ ಹೆಸರಾ ಮಾರಾಯ್ತಿ?" ಎಂದಿದ್ದರು ಪೂವಕ್ಕ.

ಪೂವಕ್ಕ ಅಂದರೆ ಕೊಲ್ಲಮೊಗ್ರಿನ ಪೂವಮ್ಮ. ಅವರ ಮತ್ತು ಅವರ ಗಂಡ ತೀರ್ಥರಾಮಣ್ಣನ ಗದ್ದೆಯಲ್ಲೇ ನನ್ನ ಪ್ರಯೋಗ. ಭತ್ತ ಕೊಯ್ದ ಮೇಲೆ ಆ ಗದ್ದೆಯಲ್ಲಿ ಅವರು ವರ್ಷವೂ ಅಲಸಂಡೆ ಹಾಕುವವರು. ಕಾಡಿನ ಅಂಚಿನಿಂದ ಕೋಲು ತಂದು ನೆಟ್ಟು, ಬಳ್ಳಿ ಹಬ್ಬಿಸಿ, ಸುಬ್ರಹ್ಮಣ್ಯದ ಅಂಗಡಿಗಳಿಗೆ ಕಟ್ಟು ಕಟ್ಟಾಗಿ ಕೊಡುತ್ತಿದ್ದರು. ಒಂದು ಬಳ್ಳಿ ಜಾರಿ ನೆಲಕ್ಕೆ ಬಿದ್ದರೆ ಮಗು ತೊಟ್ಟಿಲಿಂದ ಬಿದ್ದ ಹಾಗೆ ಓಡುವವರು. ಅಂಥ ಗದ್ದೆಯಲ್ಲಿ ಜೋಳ ಬೆರೆಸುತ್ತೇನೆ ಎಂದು ನಾನು ಹೋದಾಗ ತೀರ್ಥರಾಮಣ್ಣ ಒಪ್ಪಿರಲಿಲ್ಲ. ಪೂವಕ್ಕ ಒಪ್ಪಿಸಿದರು. ಲೆಕ್ಕ ಹೇಗೆ ಬರುತ್ತದೋ ಹಾಗೆಯೇ ಹೇಳುತ್ತೇನೆ ಎಂದು ನಾನು ಅವರಿಗೆ ಮಾತು ಕೊಟ್ಟಿದ್ದೆ.

ದೇವದಾಸ ಸರ್ ನನ್ನ ಗೈಡ್. ಈ ಕೆಲಸದ ಅ ಆ ಇ ಈ ಕಲಿಸಿದವರು ಅವರೇ. "ಎಲ್ಲರೂ ಬೆರೆಸಿದ ಬೆಳೆಯನ್ನೇ ನೋಡ್ತಾರೆ ಸಫೂರಾ, ನೀನು ಛೇದವನ್ನು ನೋಡು" ಎಂದು ಮೊದಲ ದಿನವೇ ಹೇಳಿದ್ದರು. ಬೆರೆಸಿದ ಬೆಳೆಯ ಇಳುವರಿಯನ್ನು ಪಕ್ಕದಲ್ಲೇ ಒಂಟಿಯಾಗಿ ಬೆಳೆಸಿದ ಬೆಳೆಯ ಇಳುವರಿಯಿಂದ ಭಾಗಿಸುತ್ತೇವೆ, ಆ ಭಾಗಿಸುವ ಅಂಕಿಯೇ ಛೇದ. ಒಂಟಿ ಬೆಳೆಯ ಪ್ಲಾಟನ್ನು ಕೆಟ್ಟದಾಗಿ ಬೆಳೆಸಿದರೆ ಛೇದ ಸಣ್ಣದಾಗುತ್ತದೆ, ಬೆರೆಸಿದ್ದು ಸುಮ್ಮನೆ ದೊಡ್ಡದಾಗಿ ಕಾಣುತ್ತದೆ. ಒಂಟಿ ಬೆಳೆಯನ್ನು ಒಳ್ಳೆಯ ರೈತ ಬೆಳೆಯುವಷ್ಟು ಚೆನ್ನಾಗಿ ಬೆಳೆಸದವನು ಎಲ್‌ಇಆರ್ ಹೆಸರೆತ್ತಬಾರದು ಎನ್ನುತ್ತಿದ್ದರು. ನಾನು ಆ ಮಾತನ್ನು ನಂಬಿದೆ. ಅವರನ್ನೂ ನಂಬಿದೆ. ಎರಡನೇ ವರ್ಷದ ಬಿತ್ತನೆಯ ಹೊತ್ತಿಗೆ ನನಗೆ ದಿನ ತುಂಬುತ್ತಾ ಬಂತು. "ನೀನು ಹೋಗು, ಪ್ರಯೋಗವನ್ನು ನಾನು ನೋಡಿಕೊಳ್ತೇನೆ" ಎಂದಾಗ ಕಣ್ಣು ಒದ್ದೆಯಾಗಿತ್ತು. ಈಗ ಆ ಕಣ್ಣೀರಿನ ಬಗ್ಗೆಯೇ ಸಿಟ್ಟು ಬರುತ್ತದೆ.

ಮಳೆಗಾಲ ಕಳೆದು ನಾನು ಕೆಲಸಕ್ಕೆ ಮರಳಿದಾಗ ಸರ್ ಸ್ಲೈಡುಗಳನ್ನೂ ವರ್ಷದ ವರದಿಯನ್ನೂ ಕಳುಹಿಸಿದರು. ಪೂವಕ್ಕನ ಅಂಗಳದಲ್ಲಿ ರೈತರ ಸಭೆ, ನಾನೇ ಮಾತಾಡಬೇಕು. ಎರಡರಲ್ಲೂ ಅನುಪಾತಗಳು ಮಾತ್ರ ಇದ್ದವು, ಕೆಜಿ ಇರಲಿಲ್ಲ. ಜೋಳದ್ದು ಪಾಯಿಂಟ್ ಏಳು ಆರು. ಅಲಸಂಡೆಯದ್ದು ಪಾಯಿಂಟ್ ಎಂಟು. ಖುಷಿಯಲ್ಲಿ ಉಳಿದ ಸೂಚ್ಯಂಕಗಳನ್ನೂ ಹಾಕಿ ನೋಡಿದೆ. ಒಂದು ಬೆಳೆ ಇನ್ನೊಂದನ್ನು ಎಷ್ಟು ತಳ್ಳುತ್ತದೆ ಎಂದು ಹೇಳುವ ಪೈಪೋಟಿಯ ಅನುಪಾತವೊಂದಿದೆ. ಮೊದಲ ವರ್ಷ ಅಲಸಂಡೆಯದ್ದು ಅರ್ಧದ ಆಸುಪಾಸು. ಜೋಳ ಅದನ್ನು ತಳ್ಳಿ ಹಾಕಿತ್ತು. ಈ ವರ್ಷ ಒಂದಕ್ಕಿಂತ ಮೇಲೆ. ಅದೇ ಗದ್ದೆ, ಅದೇ ಬೀಜ, ಅದೇ ಸಾಲು. ಒಂದೇ ವರ್ಷದಲ್ಲಿ ಅಲಸಂಡೆ ಜೋಳಕ್ಕೆ ಹೊಡೆಯಲು ಗರಡಿ ಮನೆಗೆ ಹೋಗಿತ್ತೇ? ನಗು ಬಂತು, ಸ್ವಲ್ಪ ಹೊತ್ತಿಗೆ ನಗು ನಿಂತಿತು. ಕೆಜಿ ಲೆಕ್ಕ ಕೇಳಿದೆ. "ಆಮೇಲೆ ಕೊಡ್ತೇನೆ" ಎಂದರು ಸರ್.

ಸಭೆಯ ಹಿಂದಿನ ದಿನ ಬೆಳಿಗ್ಗೆ ಮಗುವನ್ನು ಉಮ್ಮನ ಬಳಿ ಬಿಟ್ಟು ಕೊಲ್ಲಮೊಗ್ರಿಗೆ ಹೋದೆ.

"ಬನ್ನಿ, ಕೂತುಕೊಳ್ಳಿ" ಎಂದರು ಪೂವಕ್ಕ.

ಎರಡು ವರ್ಷ "ಬಾ, ಕೂತ್ಕೊ" ಎಂದವರು. ಮಗುವಿನ ಬಗ್ಗೆ ಕೇಳಲಿಲ್ಲ. ನೀರು ತಂದಿಟ್ಟು ಒಳಗೆ ಹೋದರು. ನಾನೂ ಹಿಂದೆಯೇ ಅಡಿಗೆಮನೆಗೆ ನುಗ್ಗಿದೆ.

"ಎಂತ ಪೂವಕ್ಕ, ನನ್ನಿಂದ ಏನಾದ್ರೂ ತಪ್ಪಾಯ್ತಾ?"

ಅವರು ತಡೆಯಲಾಗದೆ ತಿರುಗಿದರು. "ತಪ್ಪಾ? ಅಲ್ಲ, ನೀನು ಎಂತಕ್ಕೆ ಹಾಗೆ ಮಾಡಿಸಿದ್ದು ಹೇಳು. ಒಂಟಿ ಅಲಸಂಡೆಗೆ ನಾನು ನೆಟ್ಟ ಕೋಲನ್ನೆಲ್ಲ ಕಿತ್ತು ಹಾಕಿಸಿದಿ. ಬಳ್ಳಿ ನೆಲದಲ್ಲೇ ಹರಿಯಿತು. ನೀರು ಬಿಟ್ಟ ಮಣ್ಣಿಗೆ ತಾಗಿ ಕಾಯಿ ಕೊಳೆತದ್ದನ್ನು ನಾನೇ ಹೆಕ್ಕಿ ಬಿಸಾಡಿದ್ದು. ಅರ್ಧಕ್ಕರ್ಧ ಹೋಯ್ತು. ಬೇರೆ ಯಾರಾದ್ರೂ ಹೇಳಿದ್ರೆ ನಾನು ಕೋಲು ಮುಟ್ಟಲಿಕ್ಕೆ ಬಿಡ್ತಿದ್ದೆನಾ?"

"ನಾನಾ?"

"ನೀನೇ. ಸಫೂರಾ ಹೇಳಿದ್ದಾಳೆ ಅಂತ ಸರ್ ಹೇಳಿದ್ರು. ನಿನಗೆ ಫೋನ್ ಮಾಡುವ ಅಂತ ಇದ್ದೆ. ಬಾಣಂತಿಗೆ ಎಂತಕ್ಕೆ ತೊಂದರೆ ಅಂತ ಬಿಟ್ಟೆ."

ಲೆಕ್ಕ ಅಲ್ಲಿ ನಿಂತಲ್ಲೇ ಬಿಚ್ಚಿಕೊಂಡಿತು. ಬೆರೆಸಿದ ಪ್ಲಾಟಿನಲ್ಲಿ ಅಲಸಂಡೆ ಜೋಳದ ದಂಟನ್ನು ಹಿಡಿದು ಮೇಲೆ ಹತ್ತುತ್ತದೆ. ಅಲ್ಲಿ ಕೋಲು ಬೇಡ. ಅಲ್ಲಿ ಎರಡೂ ವರ್ಷ ಸಿಕ್ಕಿದ್ದು ಒಂದೇ, ಪ್ಲಾಟಿಗೆ ಹದಿನಾರು ಕೆಜಿ ಎಂದು ಪೂವಕ್ಕ ಅಲ್ಲೇ ಹೇಳಿದರು. ಮೊದಲ ವರ್ಷ ಕೋಲಿನ ಮೇಲಿದ್ದ ಒಂಟಿ ಅಲಸಂಡೆ ನಲವತ್ತು ಕೊಟ್ಟಿತ್ತು. ಎರಡನೇ ವರ್ಷ ನೆಲದಲ್ಲಿ ಕೊಳೆತು ಇಪ್ಪತ್ತು. ಹದಿನಾರನ್ನು ನಲವತ್ತರಿಂದ ಭಾಗಿಸಿದರೆ ಪಾಯಿಂಟ್ ನಾಲ್ಕು, ಇಪ್ಪತ್ತರಿಂದ ಭಾಗಿಸಿದರೆ ಪಾಯಿಂಟ್ ಎಂಟು. ಬೆರೆಸಿದ ಬೆಳೆ ಒಂದು ಕಾಯಿಯನ್ನೂ ಹೆಚ್ಚು ಕೊಟ್ಟಿರಲಿಲ್ಲ. ಛೇದವನ್ನು ಕೊಳೆಸಿದ್ದರು, ಅಷ್ಟೇ. ಅದೇ ಛೇದ ಉಳಿದ ಎಲ್ಲ ಸೂಚ್ಯಂಕಗಳಿಗೂ ಹೋಗುತ್ತದೆ. ಹಾಗಾಗಿ ಎಲ್ಲವೂ ಒಟ್ಟಿಗೆ ಚೆಂದ ಕಂಡಿದ್ದವು.

"ನಾನು ಹೇಳಲಿಲ್ಲ ಪೂವಕ್ಕ. ಮಗುವಿನ ಆಣೆಗೂ ಹೇಳಲಿಲ್ಲ."

ಅವರು ನನ್ನ ಮುಖವನ್ನೇ ನೋಡಿದರು. ನಂಬಿದರೋ ಇಲ್ಲವೋ ತಿಳಿಯಲಿಲ್ಲ. "ನಮ್ಮವರು ಈ ಸಲ ಇಡೀ ಗದ್ದೆಗೆ ಜೋಳ ಬೆರೆಸ್ತಾರಂತೆ. ಒಂದೂವರೆ ಎಕರೆಯ ಬೆಳೆ ಒಂದೆಕರೆಯಲ್ಲಿ ಅಂತ ಸರ್ ಹೇಳಿದ್ದಾರೆ. ಕೋಲನ್ನೆಲ್ಲ ಬಚ್ಚಲು ಒಲೆಗೆ ಹಾಕುದು ಅಂತ ಕೂತಿದ್ದಾರೆ. ನೆರೆಯ ನಾಲ್ಕು ಮನೆಯವರೂ ಹಾಗೇ. ಜೋಳ ಹಾಕುದಾ ಬೇಡವಾ, ಅದನ್ನು ಹೇಳು."

ಅಂಗಳದ ತುದಿಗೆ ಹೋಗಿ ಸರ್‌ಗೆ ಫೋನ್ ಮಾಡಿದೆ.

"ನೀನು ಶಾಂತವಾಗಿ ಯೋಚಿಸು" ಎಂದರು. "ಬೆರೆಸಿದ ಪ್ಲಾಟಿಗೆ ಕೋಲು ಕೊಟ್ಟಿಲ್ಲ. ಒಂಟಿಗೆ ಮಾತ್ರ ಕೊಟ್ಟರೆ ಅದು ನ್ಯಾಯವಾ? ಎರಡಕ್ಕೂ ಒಂದೇ ಆರೈಕೆ ಇರಬೇಕು."

"ಅಲ್ಲಿ ಜೋಳವೇ ಕೋಲಲ್ವ ಸರ್? ನೆಲದಲ್ಲಿ ಅಲಸಂಡೆ ಬೆಳೆಯುವ ರೈತ ಕೊಲ್ಲಮೊಗ್ರಿನಲ್ಲಿ ಯಾರಿದ್ದಾರೆ? ಒಂದೇ ಆರೈಕೆ ಅಂತಾದ್ರೆ ವರದಿಯಲ್ಲಿ ಕೋಲು ನೆಟ್ಟಿದ್ದೇವೆ ಅಂತ ಯಾಕೆ ಬರೆದಿದ್ದೀರಿ?"

ಸರ್ ದನಿ ತಗ್ಗಿಸಿದರು. "ಒಂದು ಪಾಯಿಂಟ್ ಒಂದು ಐದಕ್ಕೆ ಯಾರೂ ಮೂರನೇ ವರ್ಷ ಪ್ರಾಜೆಕ್ಟ್ ಮುಂದುವರಿಸುದಿಲ್ಲ. ನಿನ್ನ ಪಿಎಚ್‌ಡಿ ನಿಲ್ತಿತ್ತು. ಈ ಅಂಕಿಯ ಮೇಲೆ ಬರೆದ ಲೇಖನದಲ್ಲಿ ನಿನ್ನ ಹೆಸರೇ ಮೊದಲು ಹಾಕಿದ್ದೇನೆ."

"ನಾನು ಹೇಳಿದ್ದು ಅಂತ ಪೂವಕ್ಕನಿಗೆ ಯಾಕೆ ಹೇಳಿದ್ರಿ?"

"ನನ್ನ ಮಾತು ಅವರು ಕೇಳುದಿಲ್ಲ ಸಫೂರಾ. ನಿನ್ನದು ಕೇಳ್ತಾರೆ."

ಎಷ್ಟು ಸಲೀಸಾಗಿ ಹೇಳಿದರು! ಕೆಜಿ ತಿದ್ದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ. ಒಬ್ಬ ಹೆಂಗಸು ನನ್ನ ಮೇಲಿಟ್ಟ ವಿಶ್ವಾಸವನ್ನು ಅವರು ಗುದ್ದಲಿಯ ಹಾಗೆ ಎತ್ತಿಕೊಂಡು ಕೆಲಸ ಮುಗಿಸಿದ್ದರು. ನಾನು ಫೋನ್ ಇಟ್ಟೆ.

ಮರುದಿನ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಸರ್ ಮುಂದಿನ ಕುರ್ಚಿಯಲ್ಲಿ ಕೂತು ನನ್ನನ್ನು ನೋಡಿ ಎಂದಿನಂತೆ ನಕ್ಕರು. ನಾನು ಸ್ಲೈಡ್ ಹಾಕಲಿಲ್ಲ. ಎದ್ದು ನಿಂತು ಬಾಯಿಮಾತಿನಲ್ಲೇ ಹೇಳಿದೆ. ಒಂದೂವರೆ ಎಕರೆಯ ಲೆಕ್ಕ ಸರಿಯಲ್ಲ, ಒಂಟಿ ಅಲಸಂಡೆಗೆ ಕೋಲು ಇರಲಿಲ್ಲ. ಕೋಲಿದ್ದ ವರ್ಷದ ಲೆಕ್ಕ ಒಂದು ಪಾಯಿಂಟ್ ಒಂದು ಐದು, ಅದನ್ನು ಮಾತ್ರ ನಂಬಬಹುದು, ಅದೂ ಒಂದೇ ವರ್ಷದ್ದು. ಜೋಳವೂ ಬೇಕು ಅಲಸಂಡೆಯೂ ಬೇಕು ಎನ್ನುವವರಿಗೆ ಸ್ವಲ್ಪ ಜಾಗ ಉಳಿಯುತ್ತದೆ. ಅಲಸಂಡೆಯನ್ನೇ ಮಾರುವವರು ಇಲ್ಲಿಯ ಬೆಲೆ ಹಾಕಿ ನೋಡಿದರೆ ಕೋಲು ನೆಟ್ಟ ಗದ್ದೆಯೇ ಮೇಲು. ಜಾಗ ಉಳಿಯುವುದು ಬೇರೆ, ಕೈಗೆ ಬರುವುದು ಬೇರೆ.

ತೀರ್ಥರಾಮಣ್ಣ ಎದ್ದರು. "ಹಾಗಾದ್ರೆ ಕೋಲು ಕೀಳಲಿಕ್ಕೆ ನೀವೇ ಹೇಳಿದ್ದಲ್ವ?"

"ನಾನಲ್ಲ ತೀರ್ಥರಾಮಣ್ಣ. ನನಗೆ ಗೊತ್ತೇ ಇರ್ಲಿಲ್ಲ."

ಎಲ್ಲರೂ ಸರ್ ಕಡೆ ತಿರುಗಿದರು. ನಾನೂ ತಿರುಗಿದೆ. ಈಗಲಾದರೂ ಒಂದು ಮಾತು ಹೇಳುತ್ತಾರೆ ಎಂಬ ಹುಚ್ಚು ಆಸೆ ನನ್ನಲ್ಲಿ ಇನ್ನೂ ಇತ್ತು.

ಸರ್ ನಿಧಾನವಾಗಿ ಎದ್ದರು. ದನಿಯಲ್ಲಿ ಅಕ್ಕರೆಯೇ ಇತ್ತು. "ನಾನು ಫೋನಿನಲ್ಲಿ ಕೇಳಿದ್ದೆ, ಅವಳು ಆಯ್ತು ಅಂದಿದ್ದಳು. ಹೆರಿಗೆಯ ಸಮಯ. ಪಾಪ, ನೆನಪಿರ್ಲಿಕ್ಕಿಲ್ಲ."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. "ಆಗ್ತದೆ, ಆಗ್ತದೆ" ಎಂದರು ಒಬ್ಬರು. ಆ ಫೋನ್ ಬಂದೇ ಇರಲಿಲ್ಲ. ಬರದ ಫೋನನ್ನು ಬರಲಿಲ್ಲ ಎಂದು ನಾನು ಹೇಗೆ ತೋರಿಸಲಿ? ನನ್ನ ಹೆರಿಗೆ ನೋವನ್ನೂ ಈ ಮನುಷ್ಯ ಬಿಡಲಿಲ್ಲವಲ್ಲ! ಅವರ ಬಳಿ ಕಲಿತ ವರ್ಷಗಳೆಲ್ಲ ಆ ಕ್ಷಣಕ್ಕೆ ಹೇಸಿಗೆಯಾದವು.

"ಲೇಖನದಿಂದ ನನ್ನ ಹೆಸರು ತೆಗೆಯಿರಿ" ಎಂದೆ.

"ಬೇರೆ ಗೈಡ್ ನೋಡಿಕೊಳ್ಳುವೆಯಾದ್ರೆ ತೆಗೀಬಹುದು" ಎಂದು ಅವರು ಕೂತರು.

ಊಟಕ್ಕೆ ಜನ ಎದ್ದಾಗ ನಾನು ಗದ್ದೆಯ ಕಡೆ ಇಳಿದುಹೋದೆ. ಪೂವಕ್ಕ ಹಿಂದೆಯೇ ಬಂದರು. ಸ್ವಲ್ಪ ದೂರದಲ್ಲಿ ನಿಂತರು, ಹತ್ತಿರ ಬರಲಿಲ್ಲ.

"ನಮ್ಮವರು ಕೋಲು ಸುಡುದಿಲ್ಲಂತೆ. ಅಲಸಂಡೆಯನ್ನೇ ಹಾಕುದು."

ನನ್ನ ಕಣ್ಣಲ್ಲಿ ನೀರು ಬಂತು. "ನೀವು ನನ್ನನ್ನು ನಂಬ್ತೀರಲ್ಲ ಪೂವಕ್ಕ?"

ಅವರು ಸೆರಗಿನಿಂದ ಕೈ ಒರೆಸಿಕೊಂಡರು.

"ಆ ತುದಿಯ ತುಂಡು ಗದ್ದೆ ಇನ್ನೊಂದು ವರ್ಷ ನಿನಗೆ ಕೊಡ್ತೇನೆ. ನಿನ್ನ ಓದು ನಿಲ್ಲುದು ಬೇಡ. ಆದ್ರೆ ಕೋಲು ನಾನೇ ನೆಡುದು, ಕೊಯ್ಯುದು ನಾನು, ತೂಗುದು ನಾನು. ಸರ್ ಗದ್ದೆಗೆ ಇಳಿಯಬಾರದು." ನನ್ನ ಮುಖ ನೋಡದೆ ಹೇಳಿದರು. "ನೀನೂ ಇಳಿಯಬೇಡ. ಹುಣಿಯ ಮೇಲೆ ನಿಂತು ನೋಡು."