ಅವರ ಒಂಬತ್ತು ಗಂಟೆ

ಮೂರನೆಯ ನೆನಪೋಲೆ ಕಳಿಸಲೋ ಬೇಡವೋ? ಕಳಿಸಿದರೆ ಪೀಡಿಸಿದ ಹಾಗೆ, ಬಿಟ್ಟರೆ ಮರೆತ ಹಾಗೆ. ಆ ಹೆಂಗಸು ಓದಿ ಸುಮ್ಮನಿದ್ದಾಳೋ, ಓದದೆ ಸುಮ್ಮನಿದ್ದಾಳೋ? ಎರಡೂ ಮೌನವೇ, ಆದರೆ ಒಂದೇ ಮೌನವಲ್ಲ. ಓದಿದವಳ ಮೌನಕ್ಕೆ ಮತ್ತೆ ಬರೆಯಬಾರದು. ಓದದವಳ ಮೌನಕ್ಕೆ ಬರೆಯದಿದ್ದರೆ ತಪ್ಪು.

ಇಷ್ಟನ್ನು ಯೋಚಿಸುವಷ್ಟರಲ್ಲಿ ಮೌನಿಯ ಚಹಾದ ಮೇಲೆ ಕೆನೆ ಕಟ್ಟಿತ್ತು.

ಮೌನಿ ಎಂಬುದು ಅತ್ತೆ ಇಟ್ಟ ಹೆಸರು. ತತ್ವಶಾಸ್ತ್ರದಲ್ಲಿ ಪದವಿ ಪಡೆದು ಬಂದವನನ್ನು ಸೋದರಮಾವ ತನ್ನ ಕಾರ್ಖಾನೆಯಲ್ಲಿ ಎಲ್ಲಿ ಕೂರಿಸುವುದೆಂದು ತಿಳಿಯದೆ ಹೊರದೇಶದ ಮೇಜಿಗೆ ಕೂರಿಸಿದ್ದರು. ಕಾರ್ಖಾನೆ ಮಾಡುತ್ತಿದ್ದುದು ರಬ್ಬರ್ ಉಂಗುರ. ಡೈರಿಗಳಲ್ಲಿ ಹಾಲು ಹರಿಯುವ ಉಕ್ಕಿನ ಕೊಳವೆಗಳ ಕೀಲಿನಲ್ಲಿ ಕೂತು, ಹಾಲು ಸೋರದಂತೆ ತಡೆಯುವ ಉಂಗುರ. ಅದನ್ನು ಕೊಳ್ಳಬಹುದಾದವರನ್ನು ದೂರದೂರದ ದೇಶಗಳಲ್ಲಿ ಹುಡುಕಿ ಮೇಲ್ ಬರೆಯುವುದು ಅವನ ಕೆಲಸ. ಎದುರಿನವರು ನಿದ್ದೆಯಲ್ಲಿರುವಾಗ ಅವರಿಗಾಗಿ ದುಡಿಯುವುದು ಅವನಿಗೆ ಚೆನ್ನಾಗಿ ಒಗ್ಗಿತ್ತು. ಮಾತಾಡಬೇಕಾದ ಪ್ರಮೇಯವೇ ಬರುತ್ತಿರಲಿಲ್ಲ.

ಈ ತಿಂಗಳೊಳಗೆ ಒಂದು ಆರ್ಡರೂ ಬರದಿದ್ದರೆ ಆ ಮೇಜನ್ನು ತೆಗೆದು ಅಲ್ಲಿ ರಟ್ಟಿನ ಪೆಟ್ಟಿಗೆ ಜೋಡಿಸುವುದೆಂದೂ, ಮೌನಿಯನ್ನು ಗೋದಾಮಿಗೆ ಕಳಿಸುವುದೆಂದೂ ಮಾವ ಹೇಳಿಬಿಟ್ಟಿದ್ದರು. ಗೋದಾಮಿನಲ್ಲಿ ಆರು ಜನ ಇದ್ದರು. ಆರೂ ಜನ ದಿನವಿಡೀ ಮಾತಾಡುತ್ತಿದ್ದರು.

ಉಳಿದಿದ್ದ ಆಸೆ ಒಂದೇ. ಕಡಲಾಚೆಯ ದೊಡ್ಡ ದೇಶವೊಂದರ ಡೈರಿಯಲ್ಲಿ ಖರೀದಿ ನೋಡಿಕೊಳ್ಳುವ ಹೆಂಗಸು. ಅಲ್ಲಿ ಬೇಸಿಗೆಯ ಗಡಿಯಾರ ಇನ್ನೂ ನಡೆಯುತ್ತಿದ್ದಾಗ ಬರೆದ ಮೊದಲ ಮೇಲ್‌ಗೆ ಹತ್ತೇ ನಿಮಿಷದಲ್ಲಿ ಉತ್ತರಿಸಿ ಉಂಗುರದ ನಕ್ಷೆ ಕೇಳಿದ್ದಳು. ನಕ್ಷೆ ಕಳಿಸಿದಾಗಲೂ ಅಷ್ಟೇ ಬೇಗ ಉತ್ತರ: ಅಳತೆ ಸರಿಯಿದೆ, ಮುಂದಿನ ತಿಂಗಳ ಮೊದಲ ವಾರ ನೆನಪಿಸಿ. ಅವನು ನೆನಪಿಸಿದ. ಉತ್ತರವಿಲ್ಲ. ವಾರ ಬಿಟ್ಟು ಮತ್ತೆ ನೆನಪಿಸಿದ. ಉತ್ತರವಿಲ್ಲ. ಎಲ್ಲವನ್ನೂ ಅವಳ ಊರಿನ ಬೆಳಗ್ಗೆ ಒಂಬತ್ತಕ್ಕೇ ತಲುಪುವಂತೆ ಶೆಡ್ಯೂಲ್ ಮಾಡಿದ್ದ. ಅವರ ಗಡಿಯಾರ ಚಳಿಗಾಲಕ್ಕೆಂದು ಒಂದು ಗಂಟೆ ಹಿಂದೆ ಸರಿದದ್ದನ್ನೂ ತಂತ್ರಾಂಶವೇ ಲೆಕ್ಕಕ್ಕೆ ಹಿಡಿದಿತ್ತು. ಮೂರನೆಯದಕ್ಕೂ ಉತ್ತರ ಬರದಿದ್ದರೆ ನಿಲ್ಲಿಸಬೇಕು ಎಂಬುದು ಅವನೇ ಮಾಡಿಕೊಂಡ ನಿಯಮ.

"ಏನಯ್ಯಾ, ತಪಸ್ಸು ಮುಗೀತಾ?" ಮಾವ ಬಾಗಿಲಲ್ಲಿ ನಿಂತಿದ್ದರು. "ಕಳಿಸಿದೆಯಾ ಆಯಮ್ಮನಿಗೆ?"

"ಇಲ್ಲ ಮಾವ."

"ಸೋಮವಾರ ಬೆಳಿಗ್ಗೆ. ಇದಕ್ಕಿಂತ ಒಳ್ಳೆ ಹೊತ್ತು ಯಾವುದಿದೆ?"

"ಅಲ್ಲಿ ಇನ್ನೂ ಭಾನುವಾರ."

ಮಾವ ಗೋಡೆಯ ಗಡಿಯಾರ ನೋಡಿದರು. "ಇನ್ನೂ ಮುಗಿದಿಲ್ವಾ ಅವರದ್ದು? ಸೋಮಾರಿಗಳು."

"ಈಗ ಕಳಿಸಿದ್ರೆ ರಾತ್ರಿಯೆಲ್ಲಾ ಬಂದ ಮೇಲ್‌ಗಳ ಅಡಿಗೆ ಬೀಳುತ್ತೆ ಮಾವ. ಬೆಳಿಗ್ಗೆ ಅವರು ತೆರೆದಾಗ ಮೇಲಿನದ್ದೇ ಮೊದಲು ಕಾಣೋದು."

"ಅಡಿಗೆ ಬಿದ್ದರೆ ಮೇಲೆ ಇನ್ನೊಂದು ಹಾಕು. ಮೇಲ್‌ಗೇನು ಅಂಚೆಚೀಟಿ ಹಚ್ಚಬೇಕಾ?"

ಬಿಲ್ಲುಗಳಿಗೆ ಮೊಹರು ಒತ್ತುತ್ತಿದ್ದ ಅತ್ತೆ ತಲೆಯೆತ್ತದೆ ಹೇಳಿದರು: "ನನ್ನ ತಂಗಿಗೆ ಸಂಬಂಧ ಬಂದಾಗ ಗಂಡಿನ ಕಡೆಯವರು ದಿನಕ್ಕೆರಡು ಸಲ ಫೋನ್ ಮಾಡೋರು. ಅಪ್ಪ ಬೇಡ ಅಂದುಬಿಟ್ಟರು. ಇಷ್ಟು ಅವಸರ ಇದ್ರೆ ಹುಡುಗನಲ್ಲಿ ಏನೋ ಐಬಿರಬೇಕು ಅಂತ."

"ನಮ್ಮ ಉಂಗುರದಲ್ಲಿ ಐಬಿಲ್ಲ" ಎಂದು ಗುಡುಗಿ ಮಾವ ಹೋದರು.

ಮೌನಿ ಹಳೆಯ ಉತ್ತರಗಳನ್ನು ಮತ್ತೆ ತೆರೆದ. ಅವಳು ಬರೆದದ್ದು ಎಲ್ಲ ಸೇರಿ ಐದು ಸಾಲು. ಬಾಯಿಪಾಠವಾಗಿದ್ದವು. ಓದಲು ಏನೂ ಉಳಿಯದಿದ್ದುದರಿಂದ ಸಹಿಯನ್ನು ಓದಿದ. ಹೆಸರು, ಹುದ್ದೆ, ಕಂಪನಿ, ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಊರು. ಆ ಊರು ಅವನು ತಂತ್ರಾಂಶಕ್ಕೆ ಕೊಟ್ಟಿದ್ದ ಊರಲ್ಲ. ಅವನು ಕೊಟ್ಟದ್ದು ಕಂಪನಿಯ ವೆಬ್‌ಸೈಟಿನಲ್ಲಿದ್ದ ಹೆಡ್ ಆಫೀಸಿನ ವಿಳಾಸ; ಅದು ದೇಶದ ಪೂರ್ವದ ಅಂಚಿನಲ್ಲಿತ್ತು. ಡೈರಿ ಪಶ್ಚಿಮದಲ್ಲಿತ್ತು.

ಕುರ್ಚಿಯನ್ನು ಮುಂದಕ್ಕೆಳೆದುಕೊಂಡ. ಅವಳ ಮೊದಲ ಉತ್ತರದ ಮೂಲರೂಪ, ಮೇಲ್ ಬಂದ ದಾರಿಯನ್ನೂ ಹೊತ್ತನ್ನೂ ತೋರಿಸುವ ಪುಟ, ತೆರೆದ. ಅಂಚೆ ಮುದ್ರೆಯಂಥ ಹತ್ತಾರು ಸಾಲುಗಳ ನಡುವೆ ಅವಳ ಕಂಪ್ಯೂಟರಿನ ಹೊತ್ತು ಬರೆದಿತ್ತು: ಬೆಳಗ್ಗೆ ಆರು ಗಂಟೆ ಹತ್ತು ನಿಮಿಷ, ಗ್ರೀನಿಚ್‌ಗಿಂತ ಏಳು ಗಂಟೆ ಹಿಂದೆ. ಅವನ ಇನ್‌ಬಾಕ್ಸ್ ಎಲ್ಲವನ್ನೂ ಇಲ್ಲಿನ ಗಂಟೆಗೆ ತಿರುಗಿಸಿ ತೋರಿಸುತ್ತಿದ್ದುದರಿಂದ ಅದು ಕಣ್ಣಿಗೆ ಬಿದ್ದಿರಲಿಲ್ಲ. ಅಲ್ಲಿನ ಬೇಸಿಗೆಯ ಗಡಿಯಾರದಲ್ಲಿ ಹೆಡ್ ಆಫೀಸು ಗ್ರೀನಿಚ್‌ಗಿಂತ ನಾಲ್ಕೇ ಗಂಟೆ ಹಿಂದೆ. ಅಂದರೆ ಒಂಬತ್ತೆಂದು ಅವನು ಕಳಿಸಿದ್ದು ಅವಳ ಮೇಜಿಗೆ ಆರಕ್ಕೆ ಬಿದ್ದಿತ್ತು. ಆರಕ್ಕೇ ಅವಳು ಮೇಜಿನಲ್ಲಿದ್ದಳು. ಡೈರಿಯಲ್ಲವೇ, ಹಾಲು ಬರುವ ಹೊತ್ತು.

ಹಾಗಾದರೆ ಈಗೇಕೆ ಸುಮ್ಮನಾದಳು? ಅವಳ ಸೀಮೆಯ ಬಗ್ಗೆ ಹುಡುಕಿದ. ಆ ದೇಶದಲ್ಲಿ ಹೆಚ್ಚುಕಡಿಮೆ ಎಲ್ಲರೂ ಚಳಿಗಾಲಕ್ಕೆ ಗಡಿಯಾರ ತಿರುಗಿಸುತ್ತಾರೆ, ಅವಳ ಸೀಮೆಯವರು ತಿರುಗಿಸುವುದಿಲ್ಲ. ಹೆಡ್ ಆಫೀಸು ಒಂದು ಗಂಟೆ ಹಿಂದೆ ಸರಿದಿತ್ತು, ಅವಳು ಇದ್ದಲ್ಲೇ ಇದ್ದಳು. ಮೂರು ಗಂಟೆಯ ಅಂತರ ಎರಡಕ್ಕೆ ಇಳಿದಿತ್ತು. ಆರಕ್ಕೆ ಬೀಳುತ್ತಿದ್ದ ಅವನ ಮೇಲ್ ಈಗ ಏಳಕ್ಕೆ ಬೀಳುತ್ತಿತ್ತು. ಏಳಕ್ಕೆ ಅವಳಿಗೆ ಏನಿದೆಯೋ, ಯಾರಿಗೆ ಗೊತ್ತು? ಮೀಟಿಂಗು, ಲಾರಿಯವರ ಜಗಳ, ಹೆಡ್ ಆಫೀಸಿನ ಆಗತಾನೇ ಎದ್ದ ಮೇಲ್‌ಗಳು. ಅವನು ಬೇಡವಾಗಿರಲಿಲ್ಲ. ತಡವಾಗಿ ತಲುಪಿದ್ದ.

ಅಥವಾ ಬೇಡವೇ ಆಗಿದ್ದ. ಮೂರನೆಯದು ಉಳಿದಿತ್ತು.

ತಂತ್ರಾಂಶದಲ್ಲಿ ಊರು ಬದಲಿಸಿದ. ಸೋಮವಾರ ಅಲ್ಲಿ ವಾರಾಂತ್ಯದ ಮೇಲ್‌ಗಳ ರಾಶಿ ಇರುತ್ತದೆಂದು ಬಿಟ್ಟು, ಮಂಗಳವಾರ, ಅವಳ ಬೆಳಗಿನ ಆರಕ್ಕೆ ಗೊತ್ತು ಮಾಡಿದ. ಎರಡೇ ಸಾಲು ಬರೆದ: ನೆನಪಿಸಲು ಹೇಳಿದ್ದಿರಿ, ಮಾದರಿಗೆ ಒಂದು ಪೆಟ್ಟಿಗೆ ಕಳಿಸಬಹುದೇ?

ಮಂಗಳವಾರ ಸಂಜೆ ಕಾರ್ಖಾನೆಯ ಯಂತ್ರಗಳು ನಿಂತವು. ಮಾವ ಬೀಗದ ಕೈ ಹಿಡಿದು ಅವನ ಹಿಂದೆಯೇ ನಿಂತಿದ್ದರು. ಅಳತೆಗೋಲಿನಿಂದ ಮೇಜಿನ ಉದ್ದ ನೋಡಿ, "ಮೂವತ್ತು ಪೆಟ್ಟಿಗೆ ಹಿಡಿಸುತ್ತೆ" ಎಂದರು. ದ್ವೇಷವೇನಿರಲಿಲ್ಲ, ಅಳೆಯುವುದು ಅವರ ಸ್ವಭಾವ.

"ಹೋಯ್ತಾ?"

"ಈಗ ಹೋಯ್ತು."

"ಅಲ್ಲಿ ಎದ್ದಿದ್ದಾರಾ?"

"ಎದ್ದಿರಬೇಕು."

"ಬೇಕು ಅಂದ್ರೆ?"

ಮೌನಿ ಇನ್‌ಬಾಕ್ಸ್ ಮತ್ತೆ ತೆರೆದು ನೋಡಿದ. ಅತ್ತೆ ಚೀಲ ಹೆಗಲಿಗೇರಿಸಿ, ಮತ್ತೆ ಇಳಿಸಿ ಕೂತರು. ಮಾವ ಎರಡು ಸಲ ಕೆಮ್ಮಿದರು.

ಉತ್ತರ ಬಂತು. ಮೌನಿ ಓದಿ ಹೇಳದೆ ಸುಮ್ಮನಿದ್ದುದರಿಂದ ಮಾವನೇ ಬಾಗಿ, ಗಟ್ಟಿಯಾಗಿ, ತಮ್ಮ ಕನ್ನಡದಲ್ಲಿ ಓದತೊಡಗಿದರು.

"ಆರು ಪೆಟ್ಟಿಗೆ ಕಳಿಸಿ. ಆರಕ್ಕೆ ನನಗೊಂದು ಗಂಟೆ ಬಿಡುವು, ಏಳಕ್ಕೆ ಪಾಳಿಯವರು ಬಂದರೆ ಆ ದಿನ ಮುಗಿದ ಹಾಗೆ. ಮಾರುವವರೆಲ್ಲ ನಮ್ಮ ಹೆಡ್ ಆಫೀಸಿನ ಗಡಿಯಾರ ನೋಡಿ ಬರೆಯುತ್ತಾರೆ. ನಮ್ಮದನ್ನು ನೋಡಿದವರು ನೀವೊಬ್ಬರೇ. ನಡುವೆ ಎರಡು ಸಲ ಏಳಕ್ಕೆ ಬರೆದಿರಿ, ನಾನು ಓದಲಿಲ್ಲ. ಮುಂದೆ ಹಾಗೆ ಮಾಡಬೇಡಿ."

ಮಾವ ನೆಟ್ಟಗೆ ನಿಂತರು. ಅಳತೆಗೋಲನ್ನು ಜೇಬಿಗೆ ಸೇರಿಸಿದರು.

"ಕೇಳಿದೆಯೇನೇ? ಮೊದಲ ಮೇಲ್‌ನಿಂದಲೇ ಇವನು ಆಯಮ್ಮನ ಗಡಿಯಾರ ಹಿಡಿದಿದ್ದಾನೆ! ನಾನು ಸೋಮಾರಿ ಅಂದುಕೊಂಡಿದ್ದೆ."

"ಹೌದು. ಅವಳನ್ನೂ ಅಂದಿರಿ" ಎಂದರು ಅತ್ತೆ.

"ನಾಳೆ ನಮ್ಮ ಸೇಲ್ಸಿನವರಿಗೆಲ್ಲ ಇದನ್ನ ಹೇಳಿಕೊಡಬೇಕು ಕಣಯ್ಯಾ. ಆರು ಗಂಟೆ ಅಂತ ಮೊದಲ ಸಲಕ್ಕೇ ಅದು ಹೇಗೆ ಹೊಳೀತು ನಿನಗೆ?"

ಅತ್ತೆ ಮೊದಲ ಸಲ ಅವನ ಮುಖವನ್ನೇ ನೋಡಿದರು. ಮೌನಿ ಚಹಾದ ಲೋಟ ತೊಳೆಯಲು ಎದ್ದ.

"ನೋಡು, ಹೇಳೋದಿಲ್ಲ" ಎಂದು ಮಾವ ಹೆಮ್ಮೆಯಿಂದ ಅಂದರು. "ವಿದ್ಯಾವಂತರ ಲಕ್ಷಣವೇ ಇದು."

ಮೇಜು ಉಳಿಯಿತು. ಮೊದಲಿನ ಆ ಎರಡು ಮೇಲ್‌ಗಳನ್ನು ತಾನೂ ಹೆಡ್ ಆಫೀಸಿನ ಗಡಿಯಾರ ನೋಡಿಯೇ ಕಳಿಸಿದ್ದೆನೆಂದು ಅವನು ಮಾವನಿಗೂ ಹೇಳಲಿಲ್ಲ, ಆ ಹೆಂಗಸಿಗೂ ಹೇಳಲಿಲ್ಲ.