ಗೋವಿನಜೋಳದ ಬಣ್ಣ

ತೀರಿಕೊಂಡ ನನ್ನ ಗಂಡ ದರ್ಶನನ ದಿನಕರ್ಮ ಮುಗಿದು ನೆಂಟರೆಲ್ಲ ಹೋದ ಮರುದಿನ ಬೆಳಿಗ್ಗೆ, ಪಕ್ಕದ ಮನೆಯ ಮಂಜಕ್ಕ ನಮ್ಮ ಮೊಟ್ಟೆಗಳನ್ನು ವಾಪಸು ತಂದಳು.

"ಒಂದು ಒಡೆದು ನೋಡ್ದೆ ತಂಗಿ, ಹಳದಿಯೆಲ್ಲ ಬಿಳಚಿಕೊಂಡದೆ. ಬಾಣಂತಿ ಸೊಸೆಗೆ ಇದ್ರಲ್ಲಿ ಎಂತ ಕಸು ಸಿಗ್ತದೆ? ನಿನ್ನ ಕೋಳಿಗೂ ಸೂತಕವಾ?"

ದರ್ಶನ ದಿನವೂ ಗೋವಿನಜೋಳ ಕುಟ್ಟಿ, ಸೊಪ್ಪು ಹೆಚ್ಚಿ ಹಾಕುತ್ತಿದ್ದ. ಅವನು ಹೋದಮೇಲೆ ಕೋಳಿಗಳಿಗೆ ಸಿಕ್ಕಿದ್ದು ಬರೀ ಅಕ್ಕಿನುಚ್ಚು.

"ಆ ಬಣ್ಣ ಜೋಳ, ಸೊಪ್ಪಿಂದು ಅಕ್ಕ. ಬಣ್ಣ ನೋಡಿ ಕಸು ಹೇಳೂಕಾಗೂದಿಲ್ಲ. ಪ್ರೋಟೀನು ಇದ್ರಲ್ಲೂ ಅಷ್ಟೇ ಇರ್ತದೆ, ಕೊಡು ಅವಳಿಗೆ."

"ಓದಿದವಳು ಹೇಳ್ತೆ ಅಂದ್ಮೇಲೆ ಸರಿ," ಎಂದು ಮೊಟ್ಟೆ ಎತ್ತಿಕೊಂಡು ಹೋದಳು.

ನಮ್ಮ ಮೊಟ್ಟೆಬುಟ್ಟಿಯ ತಳದಲ್ಲಿ ಅವನಿದ್ದಾಗಿನ ಮೊಟ್ಟೆ ಒಂದೇ ಉಳಿದಿತ್ತು. ಒಡೆದೆ. ಹಳದಿ ಕೇಸರಿಯಷ್ಟು ಗಾಢವಾಗಿತ್ತು. ಹೆಚ್ಚಿನದೇನೂ ಅದರಲ್ಲಿಲ್ಲವೆಂದು ಗೊತ್ತಿದ್ದೂ ಬಹಳ ಹೊತ್ತು ನೋಡುತ್ತ ಕುಳಿತೆ.

ಜೋಳ ಕುಟ್ಟಲು ಅವನು ಮಂಜಕ್ಕನಿಂದ ತಂದಿದ್ದ ಕುಟ್ಟಾಣಿಯನ್ನು ಸಂಜೆ ಕೊಟ್ಟು ಬಂದೆ. ಒಳಗಂಟಿದ್ದ ಹಳದಿ ಹಿಟ್ಟನ್ನು ತೊಳೆಯಲು ಮನಸ್ಸಾಗಿರಲಿಲ್ಲ.